ಹಬ್ಬದ ಲಕ್ಕಿ ಡ್ರಾ: ಅಂಗಡಿಯ ನೋಟಿಸ್ ಬರೆಯುವುದು ಹೇಗೆ?

ದೀಪಾವಳಿ ಹತ್ತಿರ ಬಂತೆಂದರೆ ಬಟ್ಟೆ ಅಂಗಡಿ, ಪಾತ್ರೆ ಅಂಗಡಿಗಳ ಮುಂದೆ ಬ್ಯಾನರ್ ಏಳುತ್ತವೆ. ಸಾವಿರ ರೂಪಾಯಿ ಖರೀದಿಗೆ ಒಂದು ಕೂಪನ್, ಮೊದಲ ಬಹುಮಾನ ಫ್ರಿಜ್. ಕೆಳಗೆ ಸಣ್ಣ ಅಕ್ಷರದಲ್ಲಿ ‘ಷರತ್ತುಗಳು ಅನ್ವಯ’. ಏನು ಷರತ್ತು ಅಂತ ಕೇಳಿದರೆ ಕೌಂಟರಿನ ಹುಡುಗನಿಗೂ ಗೊತ್ತಿರುವುದಿಲ್ಲ, ಮಾಲೀಕರೂ ‘ಆಮೇಲೆ ನೋಡೋಣ’ ಅನ್ನುತ್ತಾರೆ. ಆಮೇಲೆ ನೋಡುವ ಹೊತ್ತಿಗೆ ಡ್ರಾ ಮುಗಿದಿರುತ್ತದೆ. ಆಗ ಮಾಡುವ ಯಾವ ನಿಯಮವೂ ಯಾರೋ ಒಬ್ಬರ ಪರವಾಗಿ ಮಾಡಿದಂತೆಯೇ ಕಾಣುತ್ತದೆ.

ಆದ್ದರಿಂದ ಮೊದಲ ಕೂಪನ್ ಕೈಬಿಡುವ ಮೊದಲೇ ಒಂದು ಪುಟದ ನೋಟಿಸ್ ಗೋಡೆಗೆ ಅಂಟಿರಬೇಕು. ಅದರಲ್ಲಿ ಮೂರು ವಿಷಯ ಸ್ಪಷ್ಟವಾಗಿರಬೇಕು: ಕೂಪನ್ ಯಾರಿಗೆ ಸಿಗುತ್ತದೆ, ಹೆಸರು ಹೇಗೆ ಎತ್ತುತ್ತೀರಿ, ಬಹುಮಾನ ತೆಗೆದುಕೊಳ್ಳಲು ಕೊನೆಯ ದಿನ ಯಾವುದು. ಒಂದು ಊರಿನ ಬಟ್ಟೆ ಮತ್ತು ಗೃಹೋಪಯೋಗಿ ವಸ್ತುಗಳ ಅಂಗಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೊಂದೇ ಹೆಜ್ಜೆ ನೋಡೋಣ. 24,000 ರೂಪಾಯಿಯ ಒಂದು ಫ್ರಿಜ್, 4,000 ರೂಪಾಯಿಯ ಮೂರು ಮಿಕ್ಸಿ, 1,500 ರೂಪಾಯಿಯ ಇಪ್ಪತ್ತು ಕುಕ್ಕರ್ ಇಟ್ಟಿದ್ದಾರೆ ಅಂದುಕೊಳ್ಳಿ.

ಬರೆಯುವ ಮೊದಲು: ಕೂಪನ್ನಿಗೆ ದುಡ್ಡು ಬೇಡವೇ ಬೇಡ

ಕರ್ನಾಟಕದಲ್ಲಿ 2007ರಿಂದ ಲಾಟರಿ ಮಾರಾಟ ನಿಷೇಧ. ಸರ್ಕಾರದ ಅನುಮತಿ ಇಲ್ಲದೆ ಲಾಟರಿ ಎತ್ತಲು ಜಾಗ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಮಿನಲ್ಲೂ ಅಪರಾಧ, ಆರು ತಿಂಗಳವರೆಗೆ ಜೈಲು ಆಗಬಹುದು. ಹಾಗಾಗಿ ‘ಬರೀ ಕೂಪನ್ ಬೇಕಾದವರಿಗೆ ಐವತ್ತು ರೂಪಾಯಿ’ ಅನ್ನುವ ಯೋಚನೆ ಬಂದರೆ ಅಲ್ಲೇ ಬಿಟ್ಟುಬಿಡಿ. ತಿಂಗಳು ತಿಂಗಳು ಕಂತು ಕಟ್ಟಿಸಿಕೊಂಡು ಪ್ರತಿ ತಿಂಗಳು ಒಬ್ಬರಿಗೆ ಬೈಕ್ ಕೊಡುವ ‘ಲಕ್ಕಿ ಸ್ಕೀಮ್’ ಇದೆಯಲ್ಲ, ಅದು ಬೇರೆಯೇ ತಕರಾರು. ಅಂಥದ್ದನ್ನು ತಡೆಯಲೆಂದೇ 1978ರಲ್ಲಿ ಒಂದು ಕೇಂದ್ರ ಕಾಯಿದೆ ಬಂದಿದೆ.

ಇನ್ನೊಂದು ಮಾತು ಬಹಳ ಮಾಲೀಕರಿಗೆ ಗೊತ್ತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ‘ಅನುಚಿತ ವ್ಯಾಪಾರ ಪದ್ಧತಿ’ಗಳ ಪಟ್ಟಿ ಇದೆ. ವ್ಯಾಪಾರ ಹೆಚ್ಚಿಸಲು ಲಾಟರಿ ಅಥವಾ ಅದೃಷ್ಟದ ಸ್ಪರ್ಧೆ ನಡೆಸುವುದೂ ಆ ಪಟ್ಟಿಯಲ್ಲಿದೆ. ಬಿಟ್ಟಿ ಎಂದು ಹೇಳಿ ಅದರ ಖರ್ಚನ್ನು ಸಾಮಾನಿನ ಬೆಲೆಗೇ ಸೇರಿಸುವುದು, ಸ್ಕೀಮ್ ಮುಗಿದ ಮೇಲೆ ಫಲಿತಾಂಶ ತಿಳಿಸದೇ ಇರುವುದು, ಇವೂ ಇವೆ. ಅಂದರೆ ಹಬ್ಬದ ಡ್ರಾ ಎಲ್ಲೆಡೆ ನಡೆಯುತ್ತಿದ್ದರೂ, ಗಿರಾಕಿ ಗ್ರಾಹಕರ ಆಯೋಗಕ್ಕೆ ಹೋದರೆ ಅವರ ಕೈಯಲ್ಲಿ ಒಂದು ಆಧಾರ ಇರುತ್ತದೆ. ಅಚ್ಚುಕಟ್ಟಾಗಿ ಬರೆದ ನೋಟಿಸ್ ಈ ಆಧಾರವನ್ನು ಅಳಿಸುವುದಿಲ್ಲ. ಅದು ಜಗಳವನ್ನು ತಪ್ಪಿಸುತ್ತದೆ, ಅಷ್ಟೇ. ಹಾಗಾಗಿ ಅಚ್ಚಿಗೆ ಕೊಡುವ ಮೊದಲು ನಿಮ್ಮ ವಕೀಲರಿಗೆ ಒಮ್ಮೆ ತೋರಿಸಿ. ಅವರು ಬೇಡ ಅಂದರೆ, ಖರೀದಿ ಮಾಡಿದ ಎಲ್ಲರಿಗೂ ಒಂದು ಸಣ್ಣ ಉಡುಗೊರೆ ಅಥವಾ ರಿಯಾಯಿತಿ ಕೊಡುವ ದಾರಿ ಇದ್ದೇ ಇದೆ. ಅದರಲ್ಲಿ ಅದೃಷ್ಟದ ಮಾತೇ ಬರುವುದಿಲ್ಲ.

ಡ್ರಾ ಮಾಡುವುದೇ ಆದರೆ ಬೆಲೆ ಏರಿಸಬೇಡಿ. ಸ್ಕೀಮ್ ಶುರುವಾಗುವ ಹಿಂದಿನ ವಾರದ ಬಿಲ್ ಪುಸ್ತಕವನ್ನು ಬೇರೆ ಎತ್ತಿಡಿ. ಬೆಲೆ ಬದಲಾಗಿಲ್ಲ ಎಂದು ತೋರಿಸಲು ಬೇರೆ ಸಾಕ್ಷಿ ಇರುವುದಿಲ್ಲ.

ಮೊದಲ ಹೆಜ್ಜೆ: ಕೂಪನ್ ಯಾರಿಗೆ?

‘1,000 ರೂಪಾಯಿಗೆ ಒಂದು ಕೂಪನ್’ ಎಂದು ಬರೆದರೆ ಮುಗಿಯಿತು ಅಂತ ಅನಿಸುತ್ತದೆ. ಮುಗಿಯುವುದಿಲ್ಲ. ಕೌಂಟರಿನಲ್ಲಿ ಹತ್ತು ನಿಮಿಷ ನಿಂತು ನೋಡಿ. ಒಬ್ಬರು 1,150ರ ಸೀರೆ ತೆಗೆದುಕೊಂಡು, ರಿಯಾಯಿತಿ ಕಳೆದು 980 ಕೊಡುತ್ತಾರೆ. ಅವರಿಗೆ ಕೂಪನ್ ಇದೆಯೋ ಇಲ್ಲವೋ? ಇನ್ನೊಬ್ಬರು ಬಂದು, ‘ಅಣ್ಣಾ, ನಿನ್ನೆ ಆರುನೂರರದ್ದು ತಗೊಂಡಿದ್ದೆ, ಇವತ್ತು ಐನೂರರದ್ದು. ಎರಡೂ ಸೇರಿಸಿ ಒಂದು ಕೂಪನ್ ಕೊಡಿ’ ಅನ್ನುತ್ತಾರೆ. ನೀವು ಅವರಿಗೆ ಕೊಟ್ಟು, ಸಂಜೆ ಬಂದ ಇನ್ನೊಬ್ಬರಿಗೆ ಕೆಲಸದ ಹುಡುಗ ಇಲ್ಲ ಅಂದರೆ ಅಲ್ಲಿಗೆ ಮಾತು ಶುರು.

ಯಾವ ಉತ್ತರ ಬೇಕಾದರೂ ಆರಿಸಿಕೊಳ್ಳಿ, ಅದು ನಿಮ್ಮ ಅಂಗಡಿ. ಆದರೆ ಆರಿಸಿಕೊಂಡಿದ್ದನ್ನು ಬರೆಯಿರಿ. ನನ್ನ ಸಲಹೆ ಹೀಗಿದೆ. ರಿಯಾಯಿತಿ ಕಳೆದು, ಜಿಎಸ್‌ಟಿ ಸೇರಿಸಿ, ಬಿಲ್ಲಿನ ಕೊನೆಯಲ್ಲಿ ಬರುವ ಮೊತ್ತವನ್ನೇ ಲೆಕ್ಕಕ್ಕೆ ಹಿಡಿಯಿರಿ. ಗಿರಾಕಿಯ ಕಣ್ಣಿಗೆ ಬೀಳುವುದು ಅದೊಂದೇ ಸಂಖ್ಯೆ. ಪ್ರತಿ ಪೂರ್ತಿ ಸಾವಿರಕ್ಕೆ ಒಂದು ಕೂಪನ್. 2,900ಕ್ಕೆ ಎರಡು, ಮೂರಲ್ಲ. ಬೇರೆ ಬೇರೆ ದಿನದ ಬಿಲ್ ಸೇರಿಸುವಂತಿಲ್ಲ, ಒಂದೇ ದಿನದ ಬಿಲ್ ಸೇರಿಸಬಹುದು. ಈ ಕೊನೆಯದನ್ನು ಬಿಟ್ಟುಕೊಟ್ಟರೆ ಒಳ್ಳೆಯದು. ಮನೆಯವರೆಲ್ಲ ಒಟ್ಟಿಗೆ ಬಂದು ಬಟ್ಟೆ ಒಂದು ಕಡೆ, ಪಾತ್ರೆ ಒಂದು ಕಡೆ ಬಿಲ್ ಮಾಡಿಸುವುದು ಹಬ್ಬದಲ್ಲಿ ಸಾಮಾನ್ಯ ಅಲ್ವಾ?

ಉದ್ರಿ ಗಿರಾಕಿಗಳನ್ನು ಮರೆಯಬೇಡಿ. ಖಾತೆಯಲ್ಲಿ ಬರೆಸಿ ಸಾಮಾನು ಒಯ್ಯುವವರಿಗೆ ಅವತ್ತೇ ಕೂಪನ್ ಕೊಟ್ಟು, ಅವರಿಗೇ ಫ್ರಿಜ್ ಬಂದು, ಬಾಕಿ ಮಾತ್ರ ಹಾಗೇ ಉಳಿದರೆ ನೀವು ಇಕ್ಕಟ್ಟಿಗೆ ಸಿಗುತ್ತೀರಿ. ಸ್ಕೀಮಿನ ಕೊನೆಯ ದಿನದೊಳಗೆ ದುಡ್ಡು ಕಟ್ಟಿದ ಬಿಲ್ಲಿಗೆ ಮಾತ್ರ ಕೂಪನ್ ಎಂದು ಬರೆದರೆ ಸಾಕು. ಸಾಮಾನು ವಾಪಸ್ ಬಂದರೂ ಇದೇ ಕಥೆ. ದುಡ್ಡು ವಾಪಸ್ ಕೊಟ್ಟ ಬಿಲ್ಲಿನ ಕೂಪನ್ ರದ್ದು, ಬಣ್ಣ ಅಥವಾ ಸೈಜ್ ಬದಲಿಸಿಕೊಂಡರೆ ರದ್ದಿಲ್ಲ. ರದ್ದಾದ ನಂಬರುಗಳಿಗೆ ಒಂದು ಪುಸ್ತಕ ಇಡಿ. ಡಬ್ಬಿಗೆ ಬಿದ್ದ ಚೀಟಿಯನ್ನು ಹುಡುಕಿ ತೆಗೆಯಲು ಆಗುವುದಿಲ್ಲ. ಡ್ರಾದಲ್ಲಿ ಆ ನಂಬರ್ ಬಂದರೆ ಪುಸ್ತಕ ತೋರಿಸಿ ಪಕ್ಕಕ್ಕಿಟ್ಟು ಮತ್ತೊಂದು ಎತ್ತಬೇಕು. ಅದನ್ನೂ ನೋಟಿಸಿನಲ್ಲಿ ಹೇಳಿರಬೇಕು.

ಮಾಲೀಕರು, ಕೆಲಸದವರು, ಅವರ ಮನೆಯವರು ಭಾಗವಹಿಸಬಾರದು. ‘ಸಂಬಂಧಿಕರು’ ಎಂದು ಬರೆಯಬೇಡಿ. ನಮ್ಮ ಊರುಗಳಲ್ಲಿ ಸಂಬಂಧ ಎಲ್ಲಿಗೆ ಮುಗಿಯುತ್ತದೆ ಎಂದು ಯಾರೂ ಹೇಳಲಾರರು. ‘ಗಂಡ, ಹೆಂಡತಿ, ಅಪ್ಪ, ಅಮ್ಮ, ಮಕ್ಕಳು, ಒಡಹುಟ್ಟಿದವರು’ ಎಂದು ಬಿಡಿಸಿ ಬರೆಯಿರಿ. ಕೂಪನ್ ಮೇಲೆ ಹೆಸರು ಬರೆಯುವವರಿಗೆ 18 ತುಂಬಿರಬೇಕು ಎಂದೂ ಸೇರಿಸಿ. ಮಗುವಿನ ಹೆಸರು ಬರೆಯುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ತೆರಿಗೆ, ಸಹಿ, ಗುರುತಿನ ಚೀಟಿ ಎಲ್ಲವೂ ದೊಡ್ಡವರದೇ ಬೇಕಾಗುತ್ತದೆ.

ಎರಡನೇ ಹೆಜ್ಜೆ: ಎತ್ತುವುದು ಹೇಗೆ?

ಕೂಪನ್ ಎರಡು ಭಾಗದ್ದಾಗಿರಲಿ, ಎರಡರ ಮೇಲೂ ಒಂದೇ ನಂಬರ್ ಅಚ್ಚಾಗಿರಲಿ. ಹೆಸರು, ಊರು, ಫೋನ್ ನಂಬರ್, ಬಿಲ್ ನಂಬರ್ ಬರೆದ ಭಾಗ ಡಬ್ಬಿಗೆ. ಇನ್ನೊಂದು ಗಿರಾಕಿಯ ಕೈಗೆ. ಬಿಲ್ಲಿನ ಮೇಲೂ ಕೂಪನ್ ನಂಬರ್ ಬರೆದು ಕೊಡಿ. ಈ ಒಂದು ಸಾಲು ಮುಂದೆ ಎಷ್ಟು ಕೆಲಸಕ್ಕೆ ಬರುತ್ತದೆ ಎಂದು ಆಮೇಲೆ ಹೇಳುತ್ತೇನೆ.

ಡಬ್ಬಿಯಿಂದ ಚೀಟಿ ಎತ್ತುವುದು ಹಳೆಯ ಪದ್ಧತಿ, ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಅದರಲ್ಲಿ ಒಂದು ತೊಡಕಿದೆ. ಎರಡು ವಾರ ತುಂಬುತ್ತಾ ಹೋದ ಡಬ್ಬಿಯಲ್ಲಿ ಮೊದಲ ದಿನದ ಚೀಟಿ ತಳದಲ್ಲಿ ಒತ್ತಿಕೊಂಡಿರುತ್ತದೆ, ಕೊನೆಯ ದಿನದ್ದು ಮೇಲಿರುತ್ತದೆ. ಚಿಕ್ಕ ಮಗು ಕೈ ಹಾಕಿದರೆ ಮೇಲಿನ ಪದರದಿಂದಲೇ ಎತ್ತುತ್ತದೆ. ಡಬ್ಬಿಯನ್ನು ನಾಲ್ಕು ಸಲ ಅಲ್ಲಾಡಿಸಿದರೆ ಒತ್ತಿದ ಕಾಗದ ಕದಲುವುದಿಲ್ಲ. ಡ್ರಾ ದಿನ ಎಲ್ಲರೆದುರು ಸೀಲ್ ಒಡೆದು, ನೆಲದ ಮೇಲೆ ದೊಡ್ಡ ಬಟ್ಟೆ ಹಾಸಿ, ಚೀಟಿಗಳನ್ನೆಲ್ಲ ಸುರಿದು, ಇಬ್ಬರು ಕೈಯಿಂದ ಚೆನ್ನಾಗಿ ಕಲಸಬೇಕು. ಕಲಸಿದ್ದು ಸಾಕಾಯಿತೇ ಎಂದು ತಿಳಿಯಲು ಒಂದು ಜಾಗದಿಂದ ಹಿಡಿ ಚೀಟಿ ತೆಗೆದು ನಂಬರ್ ಓದಿ. ಮೊದಲ ದಿನದ ನಂಬರುಗಳೂ ಕೊನೆಯವೂ ಸೇರಿ ಬಂದರೆ ಸರಿ. ಎಲ್ಲವೂ ಹತ್ತಿರ ಹತ್ತಿರದ ನಂಬರೇ ಬಂದರೆ ಇನ್ನೂ ಕಲಸಿ. ಓದಿದ ಚೀಟಿಗಳನ್ನು ವಾಪಸ್ ರಾಶಿಗೆ ಹಾಕಿ. ಕೂಪನ್ ಮಡಚುವುದಾದರೆ ಎಲ್ಲವನ್ನೂ ಒಂದೇ ರೀತಿ ಒಮ್ಮೆ ಮಾತ್ರ ಮಡಚಿ. ಗಟ್ಟಿಯಾಗಿ ಉಂಡೆ ಮಾಡಿದ ಚೀಟಿ ಕೈಗೆ ಬೇರೆಯಾಗಿಯೇ ಸಿಗುತ್ತದೆ.

ಕೂಪನ್ ಸಾವಿರಗಟ್ಟಲೆ ಇದ್ದರೆ ಕೆಲವರು ಅಂಕಿಗಳ ಬಿಲ್ಲೆ ಎತ್ತುತ್ತಾರೆ. ಸಾವಿರದ ಸ್ಥಾನಕ್ಕೆ ಒಂದು ಬಟ್ಟಲು, ನೂರಕ್ಕೆ ಒಂದು, ಹತ್ತಕ್ಕೆ, ಬಿಡಿಗೆ ಒಂದೊಂದು. ವೇಗವಾಗಿ ಆಗುತ್ತದೆ, ನೋಡುವವರಿಗೂ ಕುತೂಹಲ. ಇಲ್ಲಿ ಒಂದು ತಪ್ಪು ಯಾರಿಗೂ ಗೊತ್ತಾಗದೆ ನಡೆದುಹೋಗುತ್ತದೆ. ನಮ್ಮ ಅಂಗಡಿ 0001ರಿಂದ 4380ರವರೆಗೆ ಕೂಪನ್ ಕೊಟ್ಟಿದೆ ಎನ್ನಿ. ಸಾವಿರದ ಬಟ್ಟಲಿನಲ್ಲಿ 0ಯಿಂದ 4ರವರೆಗೆ ಬಿಲ್ಲೆ ಇವೆ. ಮೊದಲು 4 ಬಂತು, ನೂರಕ್ಕೆ 7 ಬಂತು. 4700 ಅನ್ನುವ ಕೂಪನ್ನೇ ಇಲ್ಲ. ‘ನೂರರದ್ದು ಮಾತ್ರ ಮತ್ತೆ ಎತ್ತಿ’ ಎನ್ನುತ್ತಾರೆ. ಸರಿ ಅನಿಸುತ್ತದೆ. ಆದರೆ ಹಾಗೆ ಮಾಡಿದರೆ 4000ದಿಂದ 4380ರವರೆಗಿನ 381 ಕೂಪನ್ನುಗಳಿಗೆ, 1000ದಿಂದ 1999ರವರೆಗಿನ ಸಾವಿರ ಕೂಪನ್ನುಗಳಿಗೆ ಇರುವಷ್ಟೇ ಅವಕಾಶ ಸಿಗುತ್ತದೆ. ಅಂದರೆ ಕೊನೆಯ ದಿನ ಬಂದವರಿಗೆ ಸುಮಾರು ಎರಡೂವರೆ ಪಟ್ಟು ಜಾಸ್ತಿ ಅದೃಷ್ಟ. ಸರಿಯಾದ ದಾರಿ ಒಂದೇ: ಇಲ್ಲದ ನಂಬರ್ ಬಂದರೆ ನಾಲ್ಕೂ ಅಂಕಿಯನ್ನು ಮೊದಲಿನಿಂದ ಎತ್ತಬೇಕು. 0000 ಬಂದರೂ ಅಷ್ಟೇ, ರದ್ದಾದ ನಂಬರ್ ಬಂದರೂ ಅಷ್ಟೇ. ಈ ಪದ್ಧತಿಯಲ್ಲಿ ಕೊನೆಯದಾಗಿ ಕೊಟ್ಟ ಕೂಪನ್ ನಂಬರನ್ನು ಡ್ರಾಗೆ ಮುಂಚೆಯೇ ಬರೆದು ಅಂಟಿಸಿಬಿಡಿ.

ಸಣ್ಣ ಬಹುಮಾನದಿಂದ ಶುರು ಮಾಡಿ ಫ್ರಿಜ್ಜನ್ನು ಕೊನೆಗೆ ಇಡಿ, ಇಲ್ಲದಿದ್ದರೆ ಜನ ಅರ್ಧಕ್ಕೇ ಎದ್ದು ಹೋಗುತ್ತಾರೆ. ಗೆದ್ದ ಚೀಟಿ ಮತ್ತೆ ರಾಶಿಗೆ ಹೋಗಬಾರದು. ಕುಕ್ಕರ್ ಗೆದ್ದವರ ಇನ್ನೊಂದು ಕೂಪನ್ನಿಗೆ ಫ್ರಿಜ್ ಬಂದರೆ? ಇದನ್ನು ಮೊದಲೇ ತೀರ್ಮಾನಿಸಿ. ‘ಒಬ್ಬರಿಗೆ ಒಂದೇ ಬಹುಮಾನ, ದೊಡ್ಡದು ಉಳಿಯುತ್ತದೆ, ಚಿಕ್ಕದು ಮೀಸಲು ವಿಜೇತರಿಗೆ’ ಎಂದರೆ ಯಾರಿಗೂ ನೋವಾಗುವುದಿಲ್ಲ.

ಮೀಸಲು ವಿಜೇತರು ಅಂದೆನಲ್ಲ, ಅವರನ್ನೂ ಅದೇ ದಿನ, ಅದೇ ಜನರ ಎದುರು ಎತ್ತಿಬಿಡಬೇಕು. ಫ್ರಿಜ್ಜಿಗೆ ಇಬ್ಬರು, ಮಿಕ್ಸಿಗೆ ಇಬ್ಬರು, ಕುಕ್ಕರಿಗೆ ಐದು ಜನ ಸಾಕು. ತಿಂಗಳಾದ ಮೇಲೆ ಫ್ರಿಜ್ ಉಳಿದು, ನೀವು ಒಳಗೆ ಕೂತು ಇನ್ನೊಂದು ಚೀಟಿ ಎತ್ತಿದರೆ ಯಾರು ನಂಬುತ್ತಾರೆ?

ಮೂರನೇ ಹೆಜ್ಜೆ: ಕೊನೆಯ ದಿನ

‘30 ದಿನದೊಳಗೆ’ ಎಂದು ಬರೆಯಬೇಡಿ. ಡ್ರಾ ದಿನ ಲೆಕ್ಕಕ್ಕೆ ಸೇರುತ್ತದೆಯೇ, ಫೋನ್ ಮಾಡಿದ ದಿನದಿಂದಲೇ ಎಂಬ ಪ್ರಶ್ನೆ ಬರುತ್ತದೆ. ದಿನಾಂಕ, ವಾರ, ಗಂಟೆ ಮೂರನ್ನೂ ಬರೆಯಿರಿ. ಅಂಗಡಿಯ ವಾರದ ರಜೆ ಆ ದಿನ ಬೀಳದಂತೆ ನೋಡಿಕೊಳ್ಳಿ.

ಗಡುವಿನೊಳಗೆ ಏನು ನಡೆಯಬೇಕು ಎಂಬುದನ್ನೂ ಹೇಳಿ. ಗೆದ್ದವರು ಅಂಗಡಿಗೆ ಬಂದು ಕೂಪನ್ ತೋರಿಸಿ ರಿಜಿಸ್ಟರಿನಲ್ಲಿ ಸಹಿ ಮಾಡಿದರೆ ಕ್ಲೇಮ್ ಆಯಿತು. ಫ್ರಿಜ್ ಮನೆಗೆ ಹೋಗುವುದು ಎರಡು ದಿನ ತಡವಾದರೂ ಪರವಾಗಿಲ್ಲ. ಈ ವ್ಯತ್ಯಾಸ ಬರೆಯದಿದ್ದರೆ, ಕೊನೆಯ ದಿನ ಸಂಜೆ ಫೋನ್ ಮಾಡಿ ‘ನಾಳೆ ಗಾಡಿ ತರ್ತೀನಿ’ ಎಂದವರದ್ದು ಲೆಕ್ಕಕ್ಕೆ ಬಂತೋ ಇಲ್ಲವೋ ಎಂದು ವಾದ ಆಗುತ್ತದೆ. ದೂರದಲ್ಲಿ ಇರುವವರು ಸಹಿ ಮಾಡಿದ ಪತ್ರ ಮತ್ತು ಗುರುತಿನ ಚೀಟಿಯ ನಕಲು ಕೊಟ್ಟು ಮನೆಯವರನ್ನು ಕಳಿಸಬಹುದು ಎಂದು ಬರೆಯಿರಿ.

ಕೂಪನ್ ಕಳೆದುಹೋದವರು ಖಂಡಿತ ಬರುತ್ತಾರೆ. ಹಬ್ಬದ ಗಡಿಬಿಡಿಯಲ್ಲಿ ಅಷ್ಟು ಚಿಕ್ಕ ಚೀಟಿ ಯಾರ ಹತ್ತಿರ ಉಳಿಯುತ್ತದೆ? ಬಿಲ್ಲಿನ ಮೇಲೆ ಕೂಪನ್ ನಂಬರ್ ಬರೆಯಿರಿ ಎಂದಿದ್ದು ಇದಕ್ಕೇ. ಡಬ್ಬಿಯ ಚೀಟಿಯಲ್ಲಿರುವ ಹೆಸರು, ಫೋನ್ ನಂಬರ್, ನಿಮ್ಮ ಬಿಲ್ ಪುಸ್ತಕದ ಪ್ರತಿ, ಅವರ ಗುರುತಿನ ಚೀಟಿ ಮೂರೂ ಹೊಂದಿದರೆ ಬಹುಮಾನ ಕೊಡಬಹುದು.

ಗೆದ್ದವರಿಗೆ ತಿಳಿಸುವ ಹೊಣೆ ನಿಮ್ಮದು. ಅವತ್ತೇ ಸಂಜೆ ಫಲಿತಾಂಶ ಅಂಗಡಿಯ ಮುಂದೆ ಅಂಟಿಸಿ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದರೆ ಅದೇ ಪತ್ರಿಕೆಯಲ್ಲಿ ಫಲಿತಾಂಶವನ್ನೂ ಹಾಕಿಸಿ, ಕಾಯಿದೆ ಹೇಳುವುದೂ ಅದನ್ನೇ. ಫೋನ್ ಒಂದೇ ದಿನ ಮೂರು ಸಲ ಮಾಡಿದರೆ ಪ್ರಯೋಜನ ಇಲ್ಲ. ಬೇರೆ ಬೇರೆ ಮೂರು ದಿನ, ಬೇರೆ ಬೇರೆ ಹೊತ್ತಿನಲ್ಲಿ ಮಾಡಿ, ಸಮಯ ಬರೆದಿಡಿ, ಒಂದು ಮೆಸೇಜೂ ಕಳಿಸಿ. ಗೋಡೆಯ ಪಟ್ಟಿಯಲ್ಲಿ ಕೂಪನ್ ನಂಬರ್, ಹೆಸರು, ಊರು ಸಾಕು. ಪೂರ್ತಿ ಫೋನ್ ನಂಬರ್ ಹಾಕಬೇಡಿ, ಫೋಟೋ ಹಾಕುವುದಿದ್ದರೆ ಅವರನ್ನು ಕೇಳಿ ಹಾಕಿ.

ಫ್ರಿಜ್ಜಿನ ಮೇಲಿನ ತೆರಿಗೆ

ಲಾಟರಿ, ಅದೃಷ್ಟದ ಬಹುಮಾನಗಳ ಬೆಲೆ 10,000 ರೂಪಾಯಿ ದಾಟಿದರೆ ಶೇ. 30 ಟಿಡಿಎಸ್ ಇದೆ. ವಸ್ತುವಿನ ರೂಪದಲ್ಲಿ ಕೊಟ್ಟರೂ ತಪ್ಪದು. ತೆರಿಗೆ ಕಟ್ಟಿದ ಮೇಲೆಯೇ ವಸ್ತು ಕೊಡಬೇಕು. ನಮ್ಮ ಫ್ರಿಜ್ 24,000. ಅದರ ಶೇ. 30 ಅಂದರೆ 7,200 ರೂಪಾಯಿ. ಮಿಕ್ಸಿ, ಕುಕ್ಕರ್ ಹತ್ತು ಸಾವಿರದ ಒಳಗಿರುವುದರಿಂದ ಅವಕ್ಕೆ ಟಿಡಿಎಸ್ ಇಲ್ಲ.

ಈ 7,200 ಯಾರು ಕೊಡುತ್ತಾರೆ? ಫ್ರಿಜ್ ಬಂತು ಎಂದು ಖುಷಿಯಿಂದ ಬಂದವರಿಗೆ ಅಲ್ಲಿ ಈ ಮಾತು ಹೇಳಿದರೆ ಮೋಸ ಹೋದಂತೆ ಅನಿಸುತ್ತದೆ, ಅದು ಸಹಜ. ಬ್ಯಾನರಿನಲ್ಲೇ ಬರೆಯಬೇಕಾದ ಮಾತಿದು. ಅಂಗಡಿಯೇ ಭರಿಸುವುದಾದರೆ ಲೆಕ್ಕ ಹೇಗೆ ಹಾಕಬೇಕು ಎಂದು ಆಡಿಟರ್ ಹತ್ತಿರ ಕೇಳಿ. ಟಿಡಿಎಸ್ ಕಟ್ಟಲು ಅಂಗಡಿಗೆ ಟ್ಯಾನ್ ನಂಬರ್ ಬೇಕು, ಗೆದ್ದವರ ಪ್ಯಾನ್ ಬೇಕು, ಕಡಿತ ಮಾಡಿದ ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು. ಇಷ್ಟೆಲ್ಲ ತಾಪತ್ರಯ ಬೇಡ ಎನ್ನುವವರು ಒಂದು ಫ್ರಿಜ್ಜಿನ ಬದಲು 8,000ದ ಮೂರು ಬಹುಮಾನ ಇಡುತ್ತಾರೆ. ಚಿಕ್ಕ ಅಂಗಡಿಗೆ ನನಗೆ ಅದೇ ಸರಿ ಕಾಣುತ್ತದೆ.

ಇಲ್ಲಿ ಇನ್ನೊಂದು ಎಚ್ಚರಿಕೆ. ‘ನಿಮಗೆ ಲಕ್ಕಿ ಡ್ರಾದಲ್ಲಿ ಬಹುಮಾನ ಬಂದಿದೆ, ತೆರಿಗೆ ಕಟ್ಟಿ’ ಎಂದು ಫೋನ್ ಮಾಡಿ ದುಡ್ಡು ಹೊಡೆಯುವವರು ಬೇಕಾದಷ್ಟಿದ್ದಾರೆ. ನಿಮ್ಮ ಗೋಡೆಯ ಪಟ್ಟಿ ನೋಡಿಯೂ ಯಾರಾದರೂ ಹಾಗೆ ಮಾಡಬಹುದು. ಆದ್ದರಿಂದ ಫೋನಿನಲ್ಲಿ, ಯುಪಿಐಯಲ್ಲಿ ನಾವು ದುಡ್ಡು ಕೇಳುವುದಿಲ್ಲ, ತೆರಿಗೆ ಅಂಗಡಿಯಲ್ಲೇ ರಸೀದಿ ಪಡೆದು ಕಟ್ಟಬೇಕು ಎಂಬ ಸಾಲು ದಪ್ಪ ಅಕ್ಷರದಲ್ಲಿ ಇರಲಿ.

ನೋಟಿಸ್ ಹೀಗಿರಬಹುದು

> ದೀಪಾವಳಿ ಲಕ್ಕಿ ಡ್ರಾ: ಗಿರಾಕಿಗಳಿಗೆ ಸೂಚನೆ
>
> ಅವಧಿ: ಅಕ್ಟೋಬರ್ 24ರಿಂದ ನವೆಂಬರ್ 10, 2026ರ ರಾತ್ರಿ 9ರವರೆಗೆ.
>
> ಬಹುಮಾನ: ಫ್ರಿಜ್ 1 (ಬೆಲೆ ₹24,000), ಮಿಕ್ಸಿ 3 (ತಲಾ ₹4,000), ಕುಕ್ಕರ್ 20 (ತಲಾ ₹1,500). ಬಹುಮಾನದ ಬದಲು ನಗದು ಇಲ್ಲ.
>
> ಕೂಪನ್: ರಿಯಾಯಿತಿ ಕಳೆದು, ಜಿಎಸ್‌ಟಿ ಸೇರಿ ಬಿಲ್ಲಿನ ಒಟ್ಟು ಮೊತ್ತದಲ್ಲಿ ಪ್ರತಿ ಪೂರ್ತಿ ₹1,000ಕ್ಕೆ ಒಂದು. ಒಂದೇ ದಿನದ ಬಿಲ್‌ಗಳನ್ನು ಸೇರಿಸಬಹುದು. ಉದ್ರಿ ಬಿಲ್ಲಿಗೆ ನವೆಂಬರ್ 10ರೊಳಗೆ ಹಣ ಕಟ್ಟಿದರೆ ಮಾತ್ರ ಕೂಪನ್. ಹಣ ವಾಪಸ್ ಪಡೆದರೆ ಕೂಪನ್ ರದ್ದು. ಕೂಪನ್ನಿಗೆ ಹಣ ತೆಗೆದುಕೊಳ್ಳುವುದಿಲ್ಲ.
>
> ಯಾರು: 18 ವರ್ಷ ತುಂಬಿದವರು. ಅಂಗಡಿಯ ಮಾಲೀಕರು, ಕೆಲಸಗಾರರು, ಅವರ ಗಂಡ, ಹೆಂಡತಿ, ಅಪ್ಪ, ಅಮ್ಮ, ಮಕ್ಕಳು, ಒಡಹುಟ್ಟಿದವರಿಗೆ ಅವಕಾಶ ಇಲ್ಲ.
>
> ಡ್ರಾ: ನವೆಂಬರ್ 15, ಭಾನುವಾರ ಬೆಳಿಗ್ಗೆ 11ಕ್ಕೆ, ಅಂಗಡಿಯ ಮುಂದೆ. ಸೀಲ್ ಒಡೆದು, ಚೀಟಿ ಸುರಿದು ಕಲಸಿ, ಬಂದ ಗಿರಾಕಿಗಳಲ್ಲಿ ಒಬ್ಬರ ಮಗುವಿನಿಂದ ಎತ್ತಿಸಲಾಗುವುದು. ರದ್ದಾದ ನಂಬರ್ ಬಂದರೆ ಮತ್ತೊಂದು ಎತ್ತಲಾಗುವುದು. ಮೀಸಲು ಹೆಸರುಗಳನ್ನೂ ಆಗಲೇ ಎತ್ತಲಾಗುವುದು. ಒಬ್ಬರಿಗೆ ಒಂದೇ ಬಹುಮಾನ, ದೊಡ್ಡದು ಉಳಿಯುತ್ತದೆ. ನೀವು ಹಾಜರಿರಲೇಬೇಕು ಎಂದಿಲ್ಲ.
>
> ಕ್ಲೇಮ್: ಡಿಸೆಂಬರ್ 15, ಮಂಗಳವಾರ ರಾತ್ರಿ 8ರೊಳಗೆ ಕೂಪನ್ ಮತ್ತು ಗುರುತಿನ ಚೀಟಿಯೊಂದಿಗೆ ಅಂಗಡಿಗೆ ಬಂದು ಸಹಿ ಮಾಡಬೇಕು. ಬರಲಾಗದವರು ಸಹಿ ಮಾಡಿದ ಪತ್ರ, ಗುರುತಿನ ಚೀಟಿಯ ನಕಲು ಕೊಟ್ಟು ಮನೆಯವರನ್ನು ಕಳಿಸಬಹುದು. ಕೂಪನ್ ಕಳೆದಿದ್ದರೆ ಬಿಲ್ ತನ್ನಿ. ಬಾರದಿದ್ದರೆ ಡಿಸೆಂಬರ್ 16ರಂದು ಮೀಸಲು ವಿಜೇತರಿಗೆ ತಿಳಿಸಲಾಗುವುದು, ಅವರ ಗಡುವು ಡಿಸೆಂಬರ್ 31 ರಾತ್ರಿ 8.
>
> ತೆರಿಗೆ: ಫ್ರಿಜ್ ಗೆದ್ದವರು ಪ್ಯಾನ್ ಕೊಟ್ಟು, ₹7,200 ತೆರಿಗೆಯನ್ನು ಅಂಗಡಿಯಲ್ಲೇ ಕಟ್ಟಿ ರಸೀದಿ ಪಡೆಯಬೇಕು. ಫೋನ್ ಅಥವಾ ಯುಪಿಐ ಮೂಲಕ ನಾವು ಹಣ ಕೇಳುವುದಿಲ್ಲ.

ಅಂಟಿಸಿದ ಮೇಲೆ ಒಂದು ಸಾಲನ್ನೂ ಬದಲಿಸಬೇಡಿ. ವ್ಯಾಪಾರ ಚೆನ್ನಾಗಿದೆ ಎಂದು ಅವಧಿ ಮೂರು ದಿನ ಮುಂದಕ್ಕೆ ಹಾಕಿದರೆ, ಮೊದಲೇ ಕೂಪನ್ ಪಡೆದವರ ಅವಕಾಶ ಅಷ್ಟು ಕಡಿಮೆಯಾಗುತ್ತದೆ. ಅವರು ಅದಕ್ಕೆ ಒಪ್ಪಿ ಖರೀದಿ ಮಾಡಿಲ್ಲ. ನೋಟಿಸಿನ ಒಂದು ಪ್ರತಿ ಕೌಂಟರಿನ ಒಳಗೂ ಇರಲಿ, ಬಿಲ್ ಮಾಡುವ ಹುಡುಗರು ಮೊದಲ ದಿನ ಬೆಳಿಗ್ಗೆ ಅದನ್ನು ಓದಲಿ. ಡ್ರಾ ಮುಗಿದ ಮೇಲೆ ಚೀಟಿಗಳು, ರದ್ದಾದ ನಂಬರಿನ ಪುಸ್ತಕ, ಫೋನ್ ಮಾಡಿದ ಸಮಯದ ಪಟ್ಟಿ, ಡ್ರಾದ ವಿಡಿಯೋ, ಸಹಿ ರಿಜಿಸ್ಟರ್ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿಡಿ. ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಸಾಮಾನ್ಯವಾಗಿ ಎರಡು ವರ್ಷ ಕಾಲಾವಕಾಶ ಇರುತ್ತದೆ, ಅಲ್ಲಿಯವರೆಗಾದರೂ ಆ ಪೆಟ್ಟಿಗೆ ಅಟ್ಟದ ಮೇಲೆ ಇರಲಿ.